ಜರ್ನಲ್ ಕ್ಲಬ್‌ನಲ್ಲಿ ಪೇಪರನ್ನು ಒರೆಗೆ ಹಚ್ಚುವುದು ಹೇಗೆ? ಪ್ರೆಡಿಮೆಡ್ ಟ್ರಯಲ್ ಇಟ್ಟುಕೊಂಡು ಒಂದೊಂದೇ ಹೆಜ್ಜೆ

ಜರ್ನಲ್ ಕ್ಲಬ್ ಎಂದರೆ ಒಬ್ಬರು ಪ್ರಕಟವಾದ ಪೇಪರ್ ಮಂಡಿಸಿ, ಎಲ್ಲರೂ ಸೇರಿ ಚರ್ಚಿಸುವ ಸಭೆ. ಸಂಶೋಧನೆಗೆ ಹೊಸದಾಗಿ ಬಂದವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಮುಂದಿನ ವಾರ ಜರ್ನಲ್ ಕ್ಲಬ್‌ನಲ್ಲಿ ನನ್ನ ಸರದಿ. ಪೇಪರ್ ಓದಿದ್ದೇನೆ, ಅರ್ಥವೂ ಆಗಿದೆ. ಆದರೆ ಅದರ ದೌರ್ಬಲ್ಯಗಳು ಅನ್ನೋ ಸ್ಲೈಡ್‌ನಲ್ಲಿ ಏನು ಬರೆಯಲಿ?"

ಹೆಚ್ಚಿನವರು ಆ ಸ್ಲೈಡ್‌ನಲ್ಲಿ ಬರೆಯುವುದು ಇಷ್ಟೇ: ಸ್ಯಾಂಪಲ್ ಚಿಕ್ಕದು, ಒಂದೇ ದೇಶದಲ್ಲಿ ಮಾಡಿದ್ದು, ಬ್ಲೈಂಡಿಂಗ್ ಇಲ್ಲ, ಅಂದರೆ ಯಾರು ಯಾವ ಗುಂಪು ಎಂಬುದು ಗೊತ್ತಿತ್ತು, ಕೆಲವರು ಮಧ್ಯದಲ್ಲಿ ಬಿಟ್ಟು ಹೋದರು. ಇದರಲ್ಲಿ ಸುಳ್ಳೇನಿಲ್ಲ. ಆದರೆ ಇದು ಪಟ್ಟಿ ಮಾತ್ರ, ವಿಮರ್ಶೆ ಅಲ್ಲ. ಕೇಳುತ್ತಾ ಕೂತವರಿಗೆ ಬೇಕಾಗಿರುವುದು ಬೇರೆ. ಈ ದೋಷ ಇಲ್ಲದೆ ಹೋಗಿದ್ದರೆ ಫಲಿತಾಂಶದ ಅಂಕಿ ಮೇಲೆ ಹೋಗುತ್ತಿತ್ತಾ, ಕೆಳಗೆ ಬರುತ್ತಿತ್ತಾ? ಅದನ್ನು ಪೇಪರ್‌ನಲ್ಲೇ ಇರುವ ಯಾವುದಾದರೂ ಅಂಕಿಯಿಂದ ಪರೀಕ್ಷಿಸಿ ನೋಡಬಹುದಾ? ಈ ಲೇಖನ ಪೂರ್ತಿ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಉದಾಹರಣೆಗೆ ಪ್ರೆಡಿಮೆಡ್ ಎಂಬ ಟ್ರಯಲ್ ತೆಗೆದುಕೊಂಡಿದ್ದೇನೆ. ಆಹಾರ ಮತ್ತು ಹೃದಯದ ಕಾಯಿಲೆಯ ಬಗ್ಗೆ ಸ್ಪೇನ್‌ನಲ್ಲಿ ನಡೆದ ಈ ಟ್ರಯಲ್ 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. 2018ರಲ್ಲಿ ಲೇಖಕರೇ ಅದನ್ನು ಹಿಂಪಡೆದು, ತಿದ್ದಿ, ಅದೇ ಜರ್ನಲ್‌ನಲ್ಲಿ ಮತ್ತೆ ಪ್ರಕಟಿಸಿದರು. ಒಂದೇ ಅಧ್ಯಯನದ ಎರಡು ಆವೃತ್ತಿಗಳು ಕೈಗೆ ಸಿಗುವುದು ಅಪರೂಪ. ನಿಮ್ಮ ವಿಮರ್ಶೆ ಸರಿಯಾಗಿತ್ತಾ ಎಂದು ತಾಳೆ ನೋಡುವುದಕ್ಕೂ ದಾರಿ ಇದೆ. ನಿಮ್ಮ ಕ್ಷೇತ್ರ ಬೇರೆ ಇದ್ದರೂ ಕ್ರಮ ಇದೇ.

ಶುರು ಮಾಡುವ ಮುಂಚೆ ಬೇಕಾದದ್ದು

ಮುಖ್ಯ ಪೇಪರ್ ಒಂದೇ ಸಾಲದು. ಅದರ ಜೊತೆಗಿರುವ ಪೂರಕ ಕಡತ, ಟ್ರಯಲ್‌ನ ಪ್ರೊಟೋಕಾಲ್ (ಅಧ್ಯಯನವನ್ನು ಹೇಗೆ ಮಾಡುತ್ತೇವೆ ಎಂದು ಮೊದಲೇ ಬರೆದಿಟ್ಟ ಯೋಜನೆ), ಸಂಪಾದಕರಿಗೆ ಬಂದ ಪತ್ರಗಳು, ಇವೆಲ್ಲವನ್ನೂ ಇಳಿಸಿಕೊಳ್ಳಿ. ವೈದ್ಯಕೀಯ ಪೇಪರ್‌ಗಳ ಆನ್‌ಲೈನ್ ಪಟ್ಟಿಯಾದ ಪಬ್‌ಮೆಡ್‌ನಲ್ಲಿ ಪೇಪರ್‌ನ ಪುಟ ತೆರೆದು, ತಿದ್ದುಪಡಿ ಅಥವಾ ಹಿಂಪಡೆದ ಸೂಚನೆ ಇದೆಯಾ ಅಂತ ನೋಡಿ. ಇದಕ್ಕೆ ಅರ್ಧ ನಿಮಿಷ ಸಾಕು. ಇದನ್ನು ಬಿಟ್ಟು ಪ್ರೆಡಿಮೆಡ್‌ನ 2013ರ ಆವೃತ್ತಿಯನ್ನೇ ಈಗಲೂ ನಿಜವೆಂದು ಮಂಡಿಸಿದರೆ ಇಡೀ ಶ್ರಮ ನೀರುಪಾಲು.

ಸಮಯದ ಮಟ್ಟಿಗೆ ಹೇಳುವುದಾದರೆ ಹತ್ತು ದಿನ ಇಟ್ಟುಕೊಳ್ಳಿ. ಅದರಲ್ಲಿ ಸ್ಲೈಡ್ ಮಾಡುವುದಕ್ಕೆ ಕೊನೆಯ ಎರಡು ದಿನ ಸಾಕು.

1. ಸಾರಾಂಶ ಓದಬೇಡಿ, ವಿಧಾನದಿಂದ ಶುರು ಮಾಡಿ

ಸಾರಾಂಶ ಮತ್ತು ಚರ್ಚೆಯ ಭಾಗದಲ್ಲಿ ಲೇಖಕರು ತಮ್ಮ ತೀರ್ಮಾನವನ್ನು ಹೇಳಿಬಿಡುತ್ತಾರೆ. ಅದನ್ನು ಮೊದಲು ಓದಿದರೆ ಟೇಬಲ್‌ಗಳನ್ನೂ ಅವರ ಕಣ್ಣಿನಿಂದಲೇ ನೋಡಲು ಶುರು ಮಾಡುತ್ತೇವೆ. ಹಾಗಾಗಿ ವಿಧಾನ, ಟೇಬಲ್‌ಗಳು, ಚಿತ್ರಗಳು, ಕೊನೆಗೆ ಚರ್ಚೆ. ಈ ಕ್ರಮದಲ್ಲಿ ಓದಿ. ಟೇಬಲ್‌ಗಳನ್ನು ಮುಗಿಸಿದ ಮೇಲೆ ನಿಮ್ಮದೇ ತೀರ್ಮಾನವನ್ನು ಎರಡು ಸಾಲಲ್ಲಿ ಬರೆದಿಡಿ. ಆಮೇಲೆ ಲೇಖಕರ ತೀರ್ಮಾನ ಓದಿ. ಎರಡರ ನಡುವೆ ಎಲ್ಲಿ ಅಂತರವಿದೆಯೋ ಅಲ್ಲೇ ನಿಮ್ಮ ಚರ್ಚೆಯ ಜೀವ ಇರುತ್ತದೆ.

ವಿಧಾನ ಓದುವಾಗ ಒಂದೇ ವಾಕ್ಯ ಹುಡುಕಿ: ಯಾರಲ್ಲಿ, ಏನನ್ನು, ಯಾವುದಕ್ಕೆ ಹೋಲಿಸಿ, ಏನನ್ನು ಎಣಿಸಿದರು? ಪ್ರೆಡಿಮೆಡ್‌ಗೆ ಅದು ಹೀಗೆ ಬರುತ್ತದೆ. ಹೃದಯದ ಕಾಯಿಲೆ ಇನ್ನೂ ಬಂದಿಲ್ಲದ, ಆದರೆ ಬರುವ ಅಪಾಯ ಜಾಸ್ತಿ ಇರುವ 7,447 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೆಡಿಟರೇನಿಯನ್ ಆಹಾರದ, ಅಂದರೆ ಆಲಿವ್ ಎಣ್ಣೆ, ತರಕಾರಿ, ಹಣ್ಣು, ಮೀನು ಹೆಚ್ಚಿರುವ ಆಹಾರದ ಸಲಹೆಯ ಜೊತೆ ಆಲಿವ್ ಎಣ್ಣೆ ಪುಕ್ಕಟೆ. ಇನ್ನೊಂದಕ್ಕೆ ಅದೇ ಸಲಹೆಯ ಜೊತೆ ವಾಲ್‌ನಟ್, ಬಾದಾಮಿ, ಹ್ಯಾಝಲ್‌ನಟ್ ಬೀಜಗಳು ಪುಕ್ಕಟೆ. ಮೂರನೆಯದಕ್ಕೆ ಕೊಬ್ಬು ಕಡಿಮೆ ತಿನ್ನಿ ಎಂಬ ಸಲಹೆ. ಎಣಿಸಿದ್ದು ಹೃದಯಾಘಾತ, ಪಾರ್ಶ್ವವಾಯು, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಬಂದ ಸಾವು. ಈ ಮೂರರಲ್ಲಿ ಯಾವುದು ಮೊದಲು ಬಂದರೂ ಒಂದು ಘಟನೆ.

ಈ ವಾಕ್ಯವನ್ನು ಬರೆದ ಕೂಡಲೇ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಇಲ್ಲಿ ಹೋಲಿಸಿದ್ದು ಎರಡು ಆಹಾರಗಳನ್ನಲ್ಲ. ಸಲಹೆ ಮತ್ತು ಪುಕ್ಕಟೆ ಆಹಾರ ಪದಾರ್ಥವನ್ನು, ಆಹಾರ ಪದಾರ್ಥ ಕೊಡದ ಸಲಹೆಗೆ ಹೋಲಿಸಿದ್ದಾರೆ. ಮೂರನೆಯ ಗುಂಪಿನವರು ತಿನ್ನುವ ಕೊಬ್ಬು ನಿಜವಾಗಿ ಇಳಿದದ್ದು ಬಹಳ ಸ್ವಲ್ಪ. ಆದ್ದರಿಂದ "ಮೆಡಿಟರೇನಿಯನ್ ಆಹಾರ ಕಡಿಮೆ ಕೊಬ್ಬಿನ ಆಹಾರಕ್ಕಿಂತ ಒಳ್ಳೆಯದು ಅಂತ ಸಾಬೀತಾಯಿತು" ಎಂದು ಸ್ಲೈಡ್‌ನಲ್ಲಿ ಬರೆದರೆ ತಪ್ಪಾಗುತ್ತದೆ. ಇದನ್ನು ಪಕ್ಷಪಾತ, ಅಂದರೆ ಫಲಿತಾಂಶವನ್ನು ಒಂದು ಕಡೆ ತಳ್ಳುವ ದೋಷ, ಎನ್ನಲಾಗದು. ಟ್ರಯಲ್ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿದೆ ಎಂಬ ವಿಷಯ ಅದು. ಇವೆರಡನ್ನೂ ಬೇರೆ ಬೇರೆ ಇಡಿ.

2. ಒಂದನೇ ಟೇಬಲ್ ಮೇಲೆ ಸಾಕಷ್ಟು ಹೊತ್ತು ಕೂರಿ

ಎಲ್ಲರೂ ಬೇಗ ಹಾರಿಸಿಬಿಡುವ ಟೇಬಲ್ ಇದು. ಟ್ರಯಲ್ ಶುರುವಾಗುವಾಗ ಪ್ರತಿ ಗುಂಪಿನಲ್ಲಿ ಎಂಥವರಿದ್ದರು ಎಂಬ ವಿವರ: ವಯಸ್ಸು, ತೂಕ, ಸಕ್ಕರೆ ಕಾಯಿಲೆ ಇತ್ಯಾದಿ. "ಗುಂಪುಗಳು ಸಮನಾಗಿದ್ದವು" ಎಂದು ಒಂದು ಸಾಲು ಹೇಳಿ ಮುಂದೆ ಹೋಗುತ್ತೇವೆ. ಹಾಗೆ ಮಾಡಬೇಡಿ.

ರ‍್ಯಾಂಡಮೈಸೇಶನ್ ಎಂದರೆ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುವುದು. ನಿಜವಾಗಿಯೂ ಚೀಟಿ ಎತ್ತಿದ್ದರೆ ಗುಂಪುಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ಅದು ಎಷ್ಟು ಇರಬಹುದು ಎಂಬುದಕ್ಕೆ ಒಂದು ಅಳತೆ ಇದೆ. ಆ ಅಳತೆಗಿಂತ ತುಂಬಾ ಜಾಸ್ತಿ ಇದ್ದರೂ ಅನುಮಾನ, ತುಂಬಾ ಕಡಿಮೆ ಇದ್ದರೂ ಅನುಮಾನ.

ಪ್ರೆಡಿಮೆಡ್‌ನ 2013ರ ಒಂದನೇ ಟೇಬಲ್‌ನಲ್ಲಿ ಹೆಂಗಸರ ಪ್ರಮಾಣ ನೋಡಿ. ಬೀಜಗಳ ಗುಂಪಿನ 2,454 ಜನರಲ್ಲಿ 54.0%. ಕಡಿಮೆ ಕೊಬ್ಬಿನ ಸಲಹೆ ಪಡೆದ ಹೋಲಿಕೆಯ ಗುಂಪಿನ 2,450 ಜನರಲ್ಲಿ 59.7%. ವ್ಯತ್ಯಾಸ 5.7 ಅಂಶ. ಇದು ಜಾಸ್ತಿನಾ, ಸಹಜನಾ? ಕ್ಯಾಲ್ಕುಲೇಟರ್‌ನಲ್ಲಿ ಒಂದು ಸಾಲು ಹಾಕಿದರೆ ಗೊತ್ತಾಗುತ್ತದೆ. ಇದಕ್ಕೆ ಸ್ಟ್ಯಾಂಡರ್ಡ್ ಎರರ್ ಎನ್ನುತ್ತಾರೆ, ಬರೀ ಅದೃಷ್ಟದಿಂದ ಅಂಕಿ ಎಷ್ಟು ಅಲುಗಾಡಬಹುದು ಎಂಬುದರ ಅಳತೆ.

```
√(0.540×0.460/2454 + 0.597×0.403/2450) ≈ 0.014
0.057 / 0.014 ≈ 4
```

ಅಂದರೆ ಸಹಜ ಅಲುಗಾಟ 1.4 ಅಂಶ. ಇಲ್ಲಿ ಕಂಡದ್ದು ಅದರ ನಾಲ್ಕು ಪಟ್ಟು. ಚೀಟಿ ಎತ್ತಿದರೆ ಎರಡು ಪಟ್ಟು ಮೀರುವುದೇ ಇಪ್ಪತ್ತರಲ್ಲಿ ಒಂದು ಸಲ. ನಾಲ್ಕು ಪಟ್ಟು ಎಂದರೆ ಹತ್ತು ಸಾವಿರದಲ್ಲಿ ಒಂದು ಸಲವೂ ಕಷ್ಟ. ಟೇಬಲ್‌ನಲ್ಲಿ ಹತ್ತಾರು ಸಾಲುಗಳಿವೆ, ಅದರಲ್ಲಿ ಅತಿ ದೊಡ್ಡ ವ್ಯತ್ಯಾಸವನ್ನೇ ನಾನು ಆರಿಸಿದ್ದೇನೆ ಎಂಬುದು ನಿಜ. ಆ ರಿಯಾಯಿತಿ ಕೊಟ್ಟರೂ ಅನುಮಾನ ಉಳಿಯುತ್ತದೆ. ಇದೊಂದೇ ಲೆಕ್ಕದಿಂದ "ರ‍್ಯಾಂಡಮೈಸೇಶನ್ ತಪ್ಪಿದೆ" ಎಂದು ತೀರ್ಪು ಕೊಡಬೇಡಿ. "ಇಲ್ಲಿ ಏನೋ ಆಗಿರಬಹುದು, ಹಂಚಿಕೆ ಹೇಗೆ ನಡೆಯಿತು ಎಂದು ಪ್ರೊಟೋಕಾಲ್‌ನಲ್ಲಿ ಹುಡುಕಬೇಕು" ಎಂದು ಹೇಳಿ.

ಇಂಥದ್ದೇ ಕೆಲಸವನ್ನು ಇನ್ನೂ ದೊಡ್ಡ ಮಟ್ಟದಲ್ಲಿ ಮಾಡಿದವರು ಬ್ರಿಟನ್‌ನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್. 2017ರಲ್ಲಿ ಅವರು ಐದು ಸಾವಿರಕ್ಕೂ ಹೆಚ್ಚು ಟ್ರಯಲ್‌ಗಳ ಶುರುವಿನ ಅಂಕಿಗಳನ್ನು ಪರೀಕ್ಷಿಸಿ, ಚೀಟಿ ಎತ್ತಿದರೆ ಬರಬೇಕಾದ ರೀತಿ ಇಲ್ಲದವುಗಳನ್ನು ಗುರುತಿಸಿದರು. ಅದರಲ್ಲಿ ಪ್ರೆಡಿಮೆಡ್ ಕೂಡ ಇತ್ತು. ಆಮೇಲೆ ಲೇಖಕರು ಮತ್ತು ಜರ್ನಲ್ ಸೇರಿ ಹಳೆಯ ದಾಖಲೆಗಳನ್ನು ಕೆದಕಿದಾಗ ಮೂರು ಸಂಗತಿ ಹೊರಬಂದವು. ಒಂದೇ ಮನೆಯಿಂದ ಎರಡನೆಯವರು ಸೇರಿದಾಗ, ಚೀಟಿ ಎತ್ತದೆ ಮೊದಲನೆಯವರ ಗುಂಪಿಗೇ ಹಾಕಿದ್ದರು. ಹೀಗೆ ಸೇರಿದವರು 425 ಜನ. ಒಂದು ಕೇಂದ್ರದಲ್ಲಿ ಕ್ಲಿನಿಕ್‌ಗೆ ಕ್ಲಿನಿಕನ್ನೇ ಒಂದು ಗುಂಪಿಗೆ ಹಾಕಿದ್ದರು. ಅಲ್ಲಿದ್ದವರು 467 ಜನ. ಇನ್ನೊಂದು ಕೇಂದ್ರದಲ್ಲಿ ರ‍್ಯಾಂಡಮ್ ಸಂಖ್ಯೆಗಳ ಪಟ್ಟಿಯನ್ನು ಸರಿಯಾಗಿ ಬಳಸಿರಲಿಲ್ಲ.

ಎಚ್ಚರಿಕೆ: ಒಂದನೇ ಟೇಬಲ್‌ನಲ್ಲಿ ಯಾವುದೋ ಒಂದು ಸಾಲಿನ ಪಿ ಮೌಲ್ಯ, ಅಂದರೆ ಬರೀ ಅದೃಷ್ಟದಿಂದ ಇಷ್ಟು ವ್ಯತ್ಯಾಸ ಬರುವ ಸಂಭವ, 0.05ಕ್ಕಿಂತ ಕಡಿಮೆ ಬಂದ ಕೂಡಲೇ ಗಾಬರಿ ಆಗಬೇಡಿ. ಇಪ್ಪತ್ತು ಸಾಲಿದ್ದರೆ ಒಂದು ಹಾಗೆ ಬರುವುದೇ ಸಹಜ. ಎಷ್ಟು ಪಟ್ಟು ಮೀರಿದೆ ಮತ್ತು ಎಷ್ಟು ಸಾಲುಗಳಲ್ಲಿ ಮೀರಿದೆ, ಇವೆರಡನ್ನೂ ಒಟ್ಟಿಗೆ ನೋಡಿ.

3. ಫಲಿತಾಂಶವನ್ನು ಒಡೆದು ನೋಡಿ

ಆಲಿವ್ ಎಣ್ಣೆ ಗುಂಪಿಗೆ ಹ್ಯಾಝರ್ಡ್ ರೇಶಿಯೊ 0.70, ಬೀಜಗಳ ಗುಂಪಿಗೆ 0.72. ಇದು 2013ರ ಲೆಕ್ಕ. ಹ್ಯಾಝರ್ಡ್ ರೇಶಿಯೊ ಎಂದರೆ ಹೋಲಿಕೆಯ ಗುಂಪಿಗೆ ಹೋಲಿಸಿದರೆ ಯಾವುದೇ ಹೊತ್ತಿನಲ್ಲಿ ಘಟನೆ ನಡೆಯುವ ವೇಗ ಎಷ್ಟು ಎಂಬುದು. 0.70 ಎಂದರೆ 30% ಕಡಿಮೆ. ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, ಎಣ್ಣೆಗೆ 0.54ರಿಂದ 0.92.

ಇಷ್ಟನ್ನೇ ಹೇಳಿ ನಿಲ್ಲಿಸಬೇಡಿ. ಮೂರು ಕೆಲಸ ಮಾಡಿ.

ಮೊದಲು, ನೇರ ವ್ಯತ್ಯಾಸ ಹೇಳಿ. ಸಾವಿರ ಜನರನ್ನು ಒಂದು ವರ್ಷ ಗಮನಿಸಿದರೆ ಎಣ್ಣೆ ಗುಂಪಿನಲ್ಲಿ 8.1 ಘಟನೆ, ಬೀಜಗಳ ಗುಂಪಿನಲ್ಲಿ 8.0, ಹೋಲಿಕೆಯ ಗುಂಪಿನಲ್ಲಿ 11.2. ಅಂದರೆ ಸಾವಿರಕ್ಕೆ ವರ್ಷಕ್ಕೆ ಸುಮಾರು ಮೂರು ಘಟನೆ ಕಡಿಮೆ. "30% ಕಡಿಮೆ" ಎಂದರೂ ಇದೇ. ಆದರೆ ಕೇಳುವವರ ಮನಸ್ಸಿನಲ್ಲಿ ಎರಡೂ ಬೇರೆ ಬೇರೆ ಚಿತ್ರ ಮೂಡಿಸುತ್ತವೆ. ಹಾಗಾಗಿ ಎರಡನ್ನೂ ಒಂದೇ ಸ್ಲೈಡ್‌ನಲ್ಲಿ ಇಡಿ.

ಇಲ್ಲಿ ಒಂದು ಕಡೆ ತುಂಬಾ ಜನ ಎಡವುತ್ತಾರೆ. ಎಣ್ಣೆ ಗುಂಪಿನಲ್ಲಿ 96 ಘಟನೆ, ಅಂದರೆ 3.8%. ಹೋಲಿಕೆಯ ಗುಂಪಿನಲ್ಲಿ 109, ಅಂದರೆ 4.4%. ಇವನ್ನು ಭಾಗಿಸಿದರೆ 0.86 ಹತ್ತಿರ ಬರುತ್ತೆ, 0.70 ಅಲ್ಲ. "ಲೇಖಕರು ಲೆಕ್ಕ ತಪ್ಪಿದ್ದಾರೆ" ಎಂದು ಯಾರಾದರೂ ಕೈ ಎತ್ತಬಹುದು. ಅವರು ತಪ್ಪಿಲ್ಲ. ಹೋಲಿಕೆಯ ಗುಂಪಿನವರನ್ನು ಒಟ್ಟಾರೆ ಕಡಿಮೆ ಕಾಲ ಗಮನಿಸಿದ್ದಾರೆ. ಕಡಿಮೆ ಕಾಲದಲ್ಲೇ 109 ಘಟನೆ ಆಗಿದೆ, ಆದ್ದರಿಂದ ವೇಗ ಜಾಸ್ತಿ. ಆದರೆ ಯಾಕೆ ಕಡಿಮೆ ಕಾಲ ಗಮನಿಸಿದರು? ಈ ಪ್ರಶ್ನೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ, ಮುಂದಿನ ಹಂತದಲ್ಲಿ ಬೇಕಾಗುತ್ತದೆ.

ಎರಡನೆಯದು, ಒಟ್ಟುಗೂಡಿಸಿದ ಘಟನೆಯನ್ನು ಬಿಡಿಸಿ. ಮೂರು ಬೇರೆ ಬೇರೆ ಘಟನೆಗಳನ್ನು ಒಂದೇ ಬುಟ್ಟಿಗೆ ಹಾಕಿದಾಗ, ಬುಟ್ಟಿಯ ತೂಕ ಯಾವುದರಿಂದ ಬಂತು ಅಂತ ನೋಡಲೇಬೇಕು. ಎಣ್ಣೆ, ಬೀಜ, ಹೋಲಿಕೆ, ಇದೇ ಕ್ರಮದಲ್ಲಿ ಓದಿ. ಪಾರ್ಶ್ವವಾಯು 49, 32, 58. ಹೃದಯಾಘಾತ 37, 31, 38. ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾವು 26, 31, 30. ಯಾವುದೇ ಕಾರಣದ ಸಾವು 118, 116, 114.

ಸ್ವಲ್ಪ ಹೊತ್ತು ಇದನ್ನೇ ನೋಡುತ್ತಿರಿ. ಎದ್ದು ಕಾಣುವ ವ್ಯತ್ಯಾಸ ಇರುವುದು ಪಾರ್ಶ್ವವಾಯುವಿನಲ್ಲಿ. ಒಂದೊಂದಾಗಿ ಪರೀಕ್ಷಿಸಿದಾಗ ಅದೊಂದರಲ್ಲೇ ವ್ಯತ್ಯಾಸ ಅದೃಷ್ಟವನ್ನು ಮೀರಿದ್ದು. ಹಾಗಿದ್ದ ಮೇಲೆ "ಹೃದಯಾಘಾತ, ಪಾರ್ಶ್ವವಾಯು ಮತ್ತು ಸಾವನ್ನು ತಡೆಯುತ್ತದೆ" ಎಂಬ ಸಾಲು ನಿಮ್ಮ ಸ್ಲೈಡ್‌ನಲ್ಲಿ ಬರಬಾರದು. ಎಣ್ಣೆ ಗುಂಪಿನ ಮೂರನ್ನು ಕೂಡಿದರೆ 112 ಬರುತ್ತದೆ, 96 ಅಲ್ಲ. ಇದನ್ನೂ ಯಾರೋ ಕೇಳುತ್ತಾರೆ. ಒಬ್ಬರಿಗೇ ಪಾರ್ಶ್ವವಾಯು ಬಂದು ಆಮೇಲೆ ಸಾವೂ ಆಗಿರಬಹುದು. ಮುಖ್ಯ ಲೆಕ್ಕದಲ್ಲಿ ಮೊದಲ ಘಟನೆ ಮಾತ್ರ ಸೇರುತ್ತದೆ. ಉತ್ತರ ಸಿದ್ಧ ಇರಲಿ.

ಮೂರನೆಯದು, ಟ್ರಯಲ್ ಹೇಗೆ ಮುಗಿಯಿತು ಅಂತ ನೋಡಿ. ಪ್ರೆಡಿಮೆಡ್ ಅವಧಿಗೆ ಮುಂಚೆಯೇ ನಿಂತಿತು. ಮಧ್ಯದಲ್ಲಿ ಅಂಕಿ ಪರಿಶೀಲಿಸಿದ ಸ್ವತಂತ್ರ ಸಮಿತಿ ಲಾಭ ಕಾಣುತ್ತಿದೆ ಎಂದು ನಿಲ್ಲಿಸಲು ಹೇಳಿತು. ಮೀಡಿಯನ್ ಲೆಕ್ಕದಲ್ಲಿ, ಅಂದರೆ ಎಲ್ಲರ ಅವಧಿಯನ್ನು ಸಾಲಾಗಿ ಇಟ್ಟರೆ ನಡುವೆ ಬರುವ ಅಂಕಿ, 4.8 ವರ್ಷ ಗಮನಿಸಿದಂತಾಯಿತು, ಒಟ್ಟು 288 ಘಟನೆ.

4. ಪ್ರತಿ ದೌರ್ಬಲ್ಯಕ್ಕೂ ದಿಕ್ಕು ಹೇಳಿ

ಲೇಖನದ ಮುಖ್ಯ ಭಾಗ ಇದು. ನಿಮ್ಮ ತಯಾರಿಯ ಅರ್ಧ ಸಮಯ ಇಲ್ಲಿಗೇ ಹೋಗಲಿ. ಪ್ರತಿ ದೋಷಕ್ಕೂ ಮೂರು ಸಾಲು ಬರೆಯಿರಿ. ಏನಾಯಿತು? ಅದು ಫಲಿತಾಂಶವನ್ನು ಯಾವ ಕಡೆ ತಳ್ಳುತ್ತದೆ? ಪೇಪರ್‌ನಲ್ಲಿ ಅದಕ್ಕೆ ಪುರಾವೆ ಎಲ್ಲಿದೆ? ಮೂರನೆಯ ಸಾಲು ಖಾಲಿ ಉಳಿದರೆ ಪರವಾಗಿಲ್ಲ, ಖಾಲಿ ಅಂತಲೇ ಹೇಳಿ.

ನಾಲ್ಕು ದೋಷ ತೆಗೆದುಕೊಳ್ಳೋಣ.

ಬಿಟ್ಟು ಹೋದವರು. ಜೇಬಿನಲ್ಲಿ ಇಟ್ಟುಕೊಂಡ ಪ್ರಶ್ನೆ ಈಗ ಬೇಕು. ಹೋಲಿಕೆಯ ಗುಂಪಿನಲ್ಲಿ 11.3% ಜನ ಸಂಪರ್ಕ ತಪ್ಪಿದರು. ಮೆಡಿಟರೇನಿಯನ್ ಗುಂಪುಗಳಲ್ಲಿ 4.9%. ಎರಡು ಪಟ್ಟಿಗೂ ಹೆಚ್ಚು! ಇದನ್ನು ನೋಡಿದ ಕೂಡಲೇ "ಇದರಿಂದ ಆಹಾರದ ಲಾಭ ಉಬ್ಬಿದೆ" ಎನ್ನಬೇಕು ಅನಿಸುತ್ತದೆ, ಅಲ್ವಾ? ಆದರೆ ಯೋಚಿಸಿ. ಬಿಟ್ಟು ಹೋದವರು ಎಂಥವರು? ಉಳಿದವರಿಗೆ ಹೋಲಿಸಿದರೆ ಅವರ ಹೃದಯದ ಅಪಾಯ ಶುರುವಿನಲ್ಲೇ ಹೆಚ್ಚಿತ್ತು ಎಂದು ಲೇಖಕರು ವರದಿ ಮಾಡಿದ್ದಾರೆ. ಅಪಾಯ ಜಾಸ್ತಿ ಇದ್ದವರು ಹೋಲಿಕೆಯ ಗುಂಪಿನಿಂದ ಹೊರಟುಹೋದರೆ, ಅವರ ಮುಂದಿನ ಘಟನೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ಹೋಲಿಕೆಯ ಗುಂಪು ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅಂದರೆ ಲಾಭ ಉಬ್ಬುವುದಿಲ್ಲ, ಕುಗ್ಗುತ್ತದೆ. ಮೊದಲು ಅನಿಸಿದ್ದಕ್ಕೆ ಪೂರ್ತಿ ವಿರುದ್ಧ ದಿಕ್ಕು. ಆದರೆ ಇದೂ ಕೊನೆಯ ಮಾತಲ್ಲ. ಶುರುವಿನ ಅಪಾಯ ಗೊತ್ತಿದೆಯೇ ಹೊರತು ಹೋದ ಮೇಲೆ ಅವರಿಗೆ ಏನಾಯಿತು ಎಂಬುದು ಗೊತ್ತಿಲ್ಲ. ಅಷ್ಟನ್ನೂ ಹೇಳಿ.

ಗಮನದ ವ್ಯತ್ಯಾಸ. ಮೆಡಿಟರೇನಿಯನ್ ಗುಂಪಿನವರಿಗೆ ಮೂರು ತಿಂಗಳಿಗೊಮ್ಮೆ ಆಹಾರ ತಜ್ಞರ ಭೇಟಿ ಇತ್ತು. ಹೋಲಿಕೆಯ ಗುಂಪಿಗೆ ಮೊದಮೊದಲು ವರ್ಷಕ್ಕೊಮ್ಮೆ ಒಂದು ಕರಪತ್ರ ಮಾತ್ರ. 2006ರ ಅಕ್ಟೋಬರ್‌ನಲ್ಲಿ ಇದನ್ನು ಬದಲಿಸಿ ಅವರಿಗೂ ಅಷ್ಟೇ ಭೇಟಿ ಕೊಡಲು ಶುರು ಮಾಡಿದರು. ದಿಕ್ಕು ಸ್ಪಷ್ಟ: ಹೆಚ್ಚು ಗಮನ ಸಿಕ್ಕವರು ಮಾತ್ರೆ ಸರಿಯಾಗಿ ನುಂಗಬಹುದು, ಬೇಗ ಡಾಕ್ಟರ್ ಹತ್ತಿರ ಹೋಗಬಹುದು, ಆದ್ದರಿಂದ ಆಹಾರದ ಲಾಭ ಉಬ್ಬಿ ಕಾಣಬಹುದು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ಮುಂದೆ ಹೋಗಿ. ಈ ಊಹೆ ನಿಜವಾಗಿದ್ದರೆ ಏನು ಕಾಣಬೇಕು? ಬದಲಾವಣೆ ಆದ ಮೇಲೆ ಸೇರಿದವರಲ್ಲಿ ಲಾಭ ಕಡಿಮೆ ಕಾಣಬೇಕು. ಪೇಪರ್‌ನಲ್ಲಿ ಆ ಅಂಕಿ ಇದೆ. ಮೊದಲು ಸೇರಿದವರಲ್ಲಿ ಹ್ಯಾಝರ್ಡ್ ರೇಶಿಯೊ 0.77, ಆಮೇಲೆ ಸೇರಿದವರಲ್ಲಿ 0.49. ಲಾಭ ಕಡಿಮೆ ಆಗಿಲ್ಲ. ಎರಡನೆಯದರ ವ್ಯಾಪ್ತಿ 0.26ರಿಂದ 0.92, ಅಂದರೆ ತುಂಬಾ ಅಗಲ, ಆದ್ದರಿಂದ "ಲಾಭ ಹೆಚ್ಚಾಯಿತು" ಎಂದೂ ಹೇಳುವ ಹಾಗಿಲ್ಲ. ಆದರೆ "ಇದೆಲ್ಲ ಬರೀ ಗಮನದಿಂದ ಆದದ್ದು" ಎಂಬ ವಾದಕ್ಕೆ ಈ ಅಂಕಿ ಬೆಂಬಲ ಕೊಡುವುದಿಲ್ಲ.

ದೋಷವನ್ನು ಹೆಸರಿಸಿ, ಅದರಿಂದ ಏನು ಕಾಣಬೇಕಿತ್ತು ಎಂದು ಊಹಿಸಿ, ಪೇಪರ್‌ನಲ್ಲೇ ಹೋಗಿ ನೋಡುವುದು. ನನ್ನ ಮಟ್ಟಿಗೆ ಇಡೀ ಮಂಡನೆಯಲ್ಲಿ ಇದಕ್ಕಿಂತ ಬೆಲೆಬಾಳುವ ಐದು ನಿಮಿಷ ಇಲ್ಲ.

ಬೇಗ ನಿಂತದ್ದು. ಲಾಭ ಕಂಡಿತೆಂದು ನಡುವೆ ನಿಲ್ಲಿಸಿದ ಟ್ರಯಲ್‌ಗಳಲ್ಲಿ ಲಾಭ ಉಬ್ಬಿ ಕಾಣುವ ಸಂಭವ ಜಾಸ್ತಿ. ಕಾರಣ ಸರಳ. ಅಂಕಿ ಮೇಲೆ ಕೆಳಗೆ ಏರಿಳಿಯುತ್ತಿರುತ್ತದೆ, ಅದು ಒಳ್ಳೆಯ ಕಡೆ ಏರಿದ ಹೊತ್ತಿನಲ್ಲೇ ನಾವು ನಿಲ್ಲಿಸುತ್ತೇವೆ. ದಿಕ್ಕು ಗೊತ್ತು, ಎಷ್ಟು ಎಂಬುದು ಈ ಪೇಪರ್‌ನಿಂದ ಗೊತ್ತಾಗುವುದಿಲ್ಲ. ಘಟನೆಗಳು ಕಡಿಮೆ ಇದ್ದಷ್ಟೂ ಉಬ್ಬುವುದು ಜಾಸ್ತಿ. 288 ತೀರಾ ಕಡಿಮೆಯೂ ಅಲ್ಲ, ನಿಶ್ಚಿಂತೆಯಿಂದ ಇರುವಷ್ಟು ಹೆಚ್ಚೂ ಅಲ್ಲ.

ಹಂಚಿಕೆಯ ದೋಷ. ಗಂಡ ಹೆಂಡತಿಯನ್ನು ಒಂದೇ ಗುಂಪಿಗೆ ಹಾಕಿದರೆ ಏನಾಗುತ್ತದೆ? ಇಬ್ಬರದೂ ಒಂದೇ ಅಡುಗೆ ಮನೆ, ಹೆಚ್ಚುಕಡಿಮೆ ಒಂದೇ ಜೀವನ ಕ್ರಮ. ಅವರನ್ನು ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಎಂದು ಎಣಿಸಿದರೆ ನಮ್ಮ ಹತ್ತಿರ ಇರುವುದಕ್ಕಿಂತ ಹೆಚ್ಚು ಮಾಹಿತಿ ಇದೆ ಎಂದುಕೊಂಡಂತಾಗುತ್ತದೆ. ಕಾನ್ಫಿಡೆನ್ಸ್ ಇಂಟರ್ವಲ್ ಇರಬೇಕಾದದ್ದಕ್ಕಿಂತ ಕಿರಿದಾಗಿ ಕಾಣುತ್ತದೆ. ಕ್ಲಿನಿಕ್‌ಗೆ ಕ್ಲಿನಿಕನ್ನೇ ಒಂದು ಗುಂಪಿಗೆ ಹಾಕಿದಾಗಲೂ ಹೀಗೇ. ಅಲ್ಲಿ ಇನ್ನೊಂದು ತೊಡಕೂ ಇದೆ: ಒಂದು ಕ್ಲಿನಿಕ್‌ಗೆ ಬರುವವರು ಇನ್ನೊಂದಕ್ಕೆ ಬರುವವರಿಗಿಂತ ಆರೋಗ್ಯವಂತರಾಗಿರಬಹುದು. ಅದು ಫಲಿತಾಂಶವನ್ನು ಯಾವ ಕಡೆ ತಳ್ಳಿತು? ಗೊತ್ತಿಲ್ಲ. ದಿಕ್ಕು ಗೊತ್ತಿಲ್ಲ ಎಂಬುದೂ ಪೂರ್ತಿ ಉತ್ತರವೇ, ಊಹಿಸಿ ಒಂದು ಕಡೆ ಹೇಳುವುದಕ್ಕಿಂತ ಒಳ್ಳೆಯದು.

ಪರೀಕ್ಷಿಸುವ ದಾರಿ ಇಲ್ಲಿಯೂ ಇದೆ. ಅನುಮಾನ ಇರುವವರನ್ನು ಪಕ್ಕಕ್ಕಿಟ್ಟು ಮತ್ತೆ ಲೆಕ್ಕ ಹಾಕುವುದು. 2018ರಲ್ಲಿ ಲೇಖಕರು 1,588 ಜನರನ್ನು ಬಿಟ್ಟು ಲೆಕ್ಕ ಹಾಕಿದರು, ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಎಲ್ಲರನ್ನೂ ಇಟ್ಟುಕೊಂಡು ತಿದ್ದಿದ ಲೆಕ್ಕದಲ್ಲಿ ಎಣ್ಣೆಗೆ 0.69, ವ್ಯಾಪ್ತಿ 0.53ರಿಂದ 0.91. ಬೀಜಗಳಿಗೆ 0.72, ವ್ಯಾಪ್ತಿ 0.54ರಿಂದ 0.95. ಅಂಕಿ ಬಹುತೇಕ ಅಲ್ಲೇ ಇದೆ.

ಹಾಗಿದ್ದರೆ ಹಿಂಪಡೆದದ್ದು ಯಾಕೆ? ಸಭೆಯಲ್ಲಿ ಖಂಡಿತ ಬರುವ ಪ್ರಶ್ನೆ ಇದು. ಎರಡೂ ಆವೃತ್ತಿಗಳ ತೀರ್ಮಾನವನ್ನು ಪಕ್ಕಪಕ್ಕ ಇಟ್ಟು ಓದಿ. 2013ರಲ್ಲಿ ಈ ಆಹಾರ ಘಟನೆಗಳನ್ನು "ಕಡಿಮೆ ಮಾಡಿತು" ಎಂದು ಬರೆದಿದ್ದರು. 2018ರಲ್ಲಿ ಈ ಆಹಾರದ ಗುಂಪಿಗೆ ಸೇರಿದವರಲ್ಲಿ ಘಟನೆಗಳು "ಕಡಿಮೆ ಇದ್ದವು" ಎಂದು ಬರೆದರು. ಕ್ರಿಯಾಪದ ಬದಲಾಯಿತು. ಚೀಟಿ ಎತ್ತಿದ ಹಂಚಿಕೆ ಇದ್ದರೆ ಮಾತ್ರ ಆಹಾರವೇ ಕಾರಣ ಎಂದು ಗಟ್ಟಿಯಾಗಿ ಹೇಳಬಹುದು. ಕೆಲವರ ಮಟ್ಟಿಗೆ ಆ ಹಂಚಿಕೆ ಕೆಟ್ಟಿತು, ಆದ್ದರಿಂದ ಮಾತಿನ ಗಟ್ಟಿತನವೂ ಇಳಿಯಿತು. ಅಂಕಿ ಬದಲಾಗದೆಯೂ ಅದರಿಂದ ಎಷ್ಟು ಹೇಳಬಹುದು ಎಂಬುದು ಬದಲಾಗಬಹುದು. ಇದನ್ನು ತೋರಿಸಲು ಇಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

5. ಸ್ಲೈಡ್‌ಗಳು

ನಲವತ್ತೈದು ನಿಮಿಷದ ಸಭೆಯಾದರೆ ನೀವು ಇಪ್ಪತ್ತೈದು ನಿಮಿಷ ಮಾತಾಡಿ, ಉಳಿದದ್ದು ಚರ್ಚೆಗೆ. ಹತ್ತು ಹನ್ನೆರಡು ಸ್ಲೈಡ್ ಸಾಕು. ಹಿನ್ನೆಲೆಗೆ ಒಂದೇ ಸ್ಲೈಡ್. ಹೃದ್ರೋಗದ ಇತಿಹಾಸ ಹೇಳುತ್ತಾ ಹತ್ತು ನಿಮಿಷ ಕಳೆದು, ಕೊನೆಗೆ ದೌರ್ಬಲ್ಯಗಳನ್ನು ಗಡಿಬಿಡಿಯಲ್ಲಿ ಓದಿ ಮುಗಿಸುವುದು ಎಲ್ಲರೂ ಮಾಡುವ ತಪ್ಪು.

ಟೇಬಲನ್ನು ಫೋಟೋ ತೆಗೆದ ಹಾಗೆ ಇಡೀ ಅಂಟಿಸಬೇಡಿ. ಹಿಂದಿನ ಸಾಲಿನಲ್ಲಿ ಕೂತವರಿಗೆ ಏನೂ ಕಾಣುವುದಿಲ್ಲ. ಬೇಕಾದ ಮೂರು ನಾಲ್ಕು ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಮತ್ತೆ ಬರೆಯಿರಿ. ಬರೆದ ಮೇಲೆ ಮೂಲದ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ನಿಮ್ಮ ಸ್ಲೈಡ್‌ನಲ್ಲಿ ಒಂದು ಅಂಕಿ ತಪ್ಪಿದರೂ ಬೇರೆಯವರ ಲೆಕ್ಕದ ಮೇಲೆ ನೀವು ಎತ್ತುವ ಪ್ರಶ್ನೆಗಳಿಗೆ ಬೆಲೆ ಇರುವುದಿಲ್ಲ.

ದೌರ್ಬಲ್ಯಗಳ ಸ್ಲೈಡ್‌ಗೆ ಮೂರು ಕಾಲಂ ಮಾಡಿ: ದೋಷ, ದಿಕ್ಕು, ಪುರಾವೆ. ನಾಲ್ಕು ಸಾಲಿಗಿಂತ ಹೆಚ್ಚು ಬೇಡ. ಹನ್ನೆರಡು ದೋಷ ಸಿಕ್ಕಿದ್ದರೆ ಫಲಿತಾಂಶವನ್ನು ನಿಜವಾಗಿ ಅಲುಗಾಡಿಸಬಲ್ಲ ನಾಲ್ಕನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಬಿಡುವುದು ಕಷ್ಟ, ಗೊತ್ತು. ಆದರೆ ಯಾವುದು ಮುಖ್ಯ ಎಂದು ಆರಿಸುವುದೇ ವಿಮರ್ಶೆ.

6. ಮಂಡಿಸುವ ದಿನ

ಪ್ರೆಡಿಮೆಡ್‌ನಂಥ ಪೇಪರ್ ಇದ್ದರೆ ನಾನು ಹೀಗೆ ಮಾಡುತ್ತೇನೆ. ಇದು ಹಿಂಪಡೆದ ಪೇಪರ್ ಎಂದು ಮೊದಲ ಸ್ಲೈಡ್‌ನಲ್ಲೇ ಹೇಳುತ್ತೇನೆ, ಯಾಕೆ ಎಂದು ಹೇಳುವುದಿಲ್ಲ. ಹೇಳದೆ ಮುಚ್ಚಿಟ್ಟು ಕೊನೆಗೆ ಬಯಲು ಮಾಡಿದರೆ ಕೇಳುವವರಿಗೆ ಮೋಸ ಹೋದ ಹಾಗೆ ಅನಿಸುತ್ತದೆ. ಆಮೇಲೆ ಒಂದನೇ ಟೇಬಲ್‌ನ ಆರು ಸಾಲು ತೋರಿಸಿ, ಎರಡು ನಿಮಿಷ ಸುಮ್ನೆ ನಿಲ್ಲುತ್ತೇನೆ. "ಇಲ್ಲಿ ನಿಮಗೆ ಏನು ಕಾಣಿಸುತ್ತದೆ?" ಎಂದಷ್ಟೇ ಕೇಳುತ್ತೇನೆ. ಮೌನ ಉದ್ದ ಅನಿಸುತ್ತದೆ, ತುಂಬಲು ಹೋಗಬೇಡಿ. ಯಾರೋ ಒಬ್ಬರು ಹೆಂಗಸರ ಸಂಖ್ಯೆ ಗಮನಿಸುತ್ತಾರೆ. ಲೆಕ್ಕವನ್ನು ಅವರ ಜೊತೆಯಲ್ಲೇ ಹಾಕಿದರೆ ಅಲ್ಲಿಂದ ಮುಂದೆ ಚರ್ಚೆ ತಾನಾಗಿ ನಡೆಯುತ್ತದೆ.

ಲೇಖಕರ ಬಗ್ಗೆ ಮಾತಾಡುವಾಗ ಎಚ್ಚರ ಇರಲಿ. "ಇವರಿಗೆ ರ‍್ಯಾಂಡಮೈಸೇಶನ್ ಗೊತ್ತಿಲ್ಲ" ಎನ್ನುವುದಕ್ಕೂ "ಒಂದು ಕೇಂದ್ರದಲ್ಲಿ ಹಂಚಿಕೆ ಪ್ರೊಟೋಕಾಲ್ ಪ್ರಕಾರ ನಡೆದಿಲ್ಲ" ಎನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಪ್ರೆಡಿಮೆಡ್ ತಂಡ ತಪ್ಪು ಕಂಡಾಗ ದಾಖಲೆಗಳನ್ನು ತೆರೆದು, ಮತ್ತೆ ಲೆಕ್ಕ ಹಾಕಿ, ತಿದ್ದಿದ್ದನ್ನೂ ಪ್ರಕಟಿಸಿತು. ಅದನ್ನೂ ಸಭೆಗೆ ಹೇಳಬೇಕು.

ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಎರಡು ಬಗೆಯ "ಗೊತ್ತಿಲ್ಲ" ಇದೆ ಎಂಬುದು ನೆನಪಿರಲಿ. "ಪೇಪರ್‌ನಲ್ಲಿ ಇದೆ, ನಾನು ನೋಡಿಲ್ಲ" ಎಂಬುದು ಒಂದು. "ಪೇಪರ್‌ನಲ್ಲೇ ಇಲ್ಲ, ಪೂರಕ ಕಡತದಲ್ಲೂ ಹುಡುಕಿದೆ" ಎಂಬುದು ಇನ್ನೊಂದು. ಯಾವುದು ಎಂದು ಬಿಡಿಸಿ ಹೇಳಿ. ಎರಡನೆಯದು ಪೇಪರ್‌ನ ದೌರ್ಬಲ್ಯವೇ ಆಗಿರಬಹುದು, ಆಗ ಅದನ್ನು ಆ ಮೂರು ಕಾಲಂಗಳ ಸ್ಲೈಡ್‌ಗೆ ಅಲ್ಲೇ ಸೇರಿಸಿ.

ಕೊನೆಯ ಐದು ನಿಮಿಷಕ್ಕೆ ಒಂದು ಪ್ರಶ್ನೆ ಉಳಿಸಿಕೊಳ್ಳಿ: ಇದೇ ಪ್ರಶ್ನೆಗೆ ನಾವು ಟ್ರಯಲ್ ಮಾಡಿದರೆ ಏನನ್ನು ಬದಲಿಸುತ್ತೇವೆ? ಒಂದೇ ಮನೆಯ ಇಬ್ಬರು ಬಂದರೆ ಏನು ಮಾಡುವುದು ಎಂದು ಪ್ರೊಟೋಕಾಲ್‌ನಲ್ಲಿ ಮೊದಲೇ ಬರೆಯುತ್ತೇವಾ, ಅಥವಾ ಮನೆಯನ್ನೇ ಒಂದು ಘಟಕ ಮಾಡಿ ಚೀಟಿ ಎತ್ತುತ್ತೇವಾ? ಎರಡನೆಯ ದಾರಿ ಹಿಡಿದರೆ ಲೆಕ್ಕವೂ ಮನೆಯ ಮಟ್ಟದಲ್ಲೇ ಆಗಬೇಕು, ಸೇರಿಸಿಕೊಳ್ಳಬೇಕಾದ ಜನರ ಸಂಖ್ಯೆಯೂ ಹೆಚ್ಚುತ್ತದೆ. ಹೋಲಿಕೆಯ ಗುಂಪಿನವರು ಬಿಟ್ಟು ಹೋಗದ ಹಾಗೆ ಅವರಿಗೆ ಏನು ಕೊಡುತ್ತೇವೆ? ಬಂದ ಉತ್ತರಗಳನ್ನು ಬೋರ್ಡ್ ಮೇಲೆ ಬರೆಯುತ್ತಾ ಹೋಗಿ, ಸಭೆ ಮುಗಿದ ಮೇಲೆ ಒಂದು ಫೋಟೋ ತೆಗೆದು ಸ್ಲೈಡ್‌ಗಳ ಜೊತೆ ಎಲ್ಲರಿಗೂ ಕಳಿಸಿ.